ಸೋಬಾನೆ ಹಾಡಿನ ಹಿಂದೆ ಇನ್ನೊಂದು ದನಿ

ಆಟಿಯ ಮಳೆ ಸ್ವಲ್ಪ ಬಿಟ್ಟಿದ್ದ ಮಧ್ಯಾಹ್ನ, ಉಡುಪಿಯ ದೊಡ್ಡಮ್ಮನ ಮನೆಯಿಂದ ಅಕ್ಕನ ಮಗಳು ಫೋನ್ ಮಾಡಿದಳು. "ಮಾಮ, ಅಜ್ಜಿ ಎರಡು ಹಾಡು ಪೂರ್ತಿ ಹಾಡಿಯಾಯ್ತು. ರೆಕಾರ್ಡಲ್ಲಿ ಎಂತದೂ ಇಲ್ಲ. ಹೊಸ ಮೈಕ್ ಹಾಳಾ?" ದೊಡ್ಡಮ್ಮನಿಗೆ ಬರುವ ಮದುವೆಯ ಸೋಬಾನೆ ಹಾಡುಗಳು ಈಗ ನಮ್ಮ ಕುಟುಂಬದಲ್ಲಿ ಬೇರೆ ಯಾರಿಗೂ ಪೂರ್ತಿ ಬರುವುದಿಲ್ಲ. ನಾನು ಕೂಡಲೇ ಹೊರಟೆ.

ಲ್ಯಾಪ್‌ಟಾಪಿನಲ್ಲಿ ಸದ್ದು ರೆಕಾರ್ಡ್ ಮಾಡುವ ಪ್ರೋಗ್ರಾಂ ಅಡಾಸಿಟಿ ತೆರೆದಿತ್ತು. ಟ್ರ್ಯಾಕಿನ ಗೆರೆ ಈ ತುದಿಯಿಂದ ಆ ತುದಿಗೆ ನೂಲು ಎಳೆದ ಹಾಗೆ ನೇರ. ನನ್ನ ಗಮನ ಸೆಳೆದದ್ದು ಅದೇ. ಯಾವುದೇ ಮೈಕ್ ತೆರೆದಿದ್ದರೆ, ಅದು ಲ್ಯಾಪ್‌ಟಾಪಿನೊಳಗಿನ ಸಣ್ಣ ಮೈಕೇ ಆಗಿರಲಿ, ಫ್ಯಾನಿನ ಸದ್ದು, ಹೆಂಚಿನ ಮೇಲಿನ ಹನಿಯ ಸದ್ದು ಸ್ವಲ್ಪವಾದರೂ ಬಿದ್ದು ಗೆರೆ ನಡುಗುತ್ತದೆ. ಅಷ್ಟು ಶುದ್ಧ ಮೌನ ಬಂದರೆ ಪ್ರೋಗ್ರಾಂ ಮೈಕನ್ನು ಕೇಳುತ್ತಲೇ ಇಲ್ಲ ಎಂದು ಅನುಮಾನಿಸಬೇಕು.

ಮೊದಲು ವಿಂಡೋಸಿನ Settings ಒಳಗೆ System, Sound, ಅಲ್ಲಿ Input ನೋಡಿದೆ. ಯುಎಸ್‌ಬಿ ಮೈಕಿನ ಹೆಸರಿತ್ತು, ಬೆರಳಲ್ಲಿ ತಟ್ಟಿದರೆ ಸದ್ದಿನ ಮಟ್ಟ ತೋರಿಸುವ ಪಟ್ಟಿ ಏರುತ್ತಿತ್ತು. ಅಂದರೆ ಮೈಕ್ ಸರಿ, ವಯರ್ ಸರಿ. Privacy ಪುಟದಲ್ಲಿ ಡೆಸ್ಕ್‌ಟಾಪ್ ಪ್ರೋಗ್ರಾಂಗಳಿಗೆ ಮೈಕಿನ ಅನುಮತಿಯೂ ಇತ್ತು. ಅದು ಇಲ್ಲದಿದ್ದರೂ ಹೀಗೇ ಮೌನ ಬರಬಹುದು. ಉಳಿದದ್ದು ಅಡಾಸಿಟಿಯ ಆಯ್ಕೆ. ಅಲ್ಲಿ Recording Device ಎಂದಿರುವಲ್ಲಿ Stereo Mix ಕೂತಿತ್ತು.

Stereo Mix ಮೈಕ್ ಅಲ್ಲ. ಕಂಪ್ಯೂಟರ್ ತಾನು ನುಡಿಸುವ ಸದ್ದನ್ನೇ ಇನ್‌ಪುಟ್ ಆಗಿ ಕೊಡುವ ದಾರಿ ಅದು. ಹಿಂದೆ ಆನ್‌ಲೈನ್ ಕ್ಲಾಸಿನ ಪಾಠ ಹಿಡಿದಿಡಲು ಯಾರೋ ಅದನ್ನು ಚಾಲೂ ಮಾಡಿದ್ದರು. ದೊಡ್ಡಮ್ಮ ಹಾಡುವಾಗ ಕಂಪ್ಯೂಟರ್ ಏನೂ ನುಡಿಸುತ್ತಿರಲಿಲ್ಲ, ಹಾಗಾಗಿ ಮೌನವೇ ದಾಖಲಾಯಿತು. ಖಾತ್ರಿಗೆ ರೆಕಾರ್ಡ್ ಒತ್ತಿ ಒಂದು ವಿಡಿಯೊ ಹಾಕಿದೆ, ಗೆರೆ ತಕ್ಷಣ ಎದ್ದಿತು. ಇದೇ ಆಯ್ಕೆಯಲ್ಲಿ ಹಳೆಯ ಟ್ರ್ಯಾಕ್ ಕೇಳಿಸುತ್ತಾ ಎರಡನೆಯದನ್ನು ರೆಕಾರ್ಡ್ ಮಾಡಿದರೆ, ಹೊಸದರಲ್ಲಿ ಹಳೆಯದರ ಸದ್ದೇ ಮತ್ತೆ ಬಂದು ಕೂರುತ್ತದೆ. ಮೌನ, ಮಾರ್ದನಿ ಎರಡಕ್ಕೂ ಒಂದೇ ಕಾರಣ ಇರಬಹುದು.

ಯುಎಸ್‌ಬಿ ಮೈಕಿನ ಹೆಸರು ಅಡಾಸಿಟಿಯ ಪಟ್ಟಿಯಲ್ಲೇ ಇರಲಿಲ್ಲ. ಪ್ರೋಗ್ರಾಂ ತೆರೆದ ಮೇಲೆ ಮೈಕ್ ಚುಚ್ಚಿದ್ದರು. ತೆರೆಯುವಾಗ ಇದ್ದ ಸಾಧನಗಳನ್ನಷ್ಟೇ ಅದು ಪಟ್ಟಿ ಮಾಡಿಕೊಂಡಿರುತ್ತದೆ. Rescan Audio Devices ಒತ್ತಿದೆ, ಹೆಸರು ಬಂತು, ಆರಿಸಿದೆ. ಗೆರೆ ನಡುಗಿತು.

ಆಮೇಲೆ ದೊಡ್ಡಮ್ಮನ ಕಿವಿಗೆ ಹೆಡ್‌ಫೋನ್ ಇಟ್ಟು ಅದರ ಪಿನ್ನನ್ನು ಮೈಕಿನ ಕೆಳಗಿನ ತೂತಿಗೆ ಹಾಕಿದೆವು. ಎರಡು ಸಾಲು ಹಾಡಿ ಅವರು ನಿಲ್ಲಿಸಿದರು. "ನನ್ನ ಹಿಂದೆ ಯಾರೋ ಹಾಡ್ತಾ ಇದ್ದಾರಲ್ಲ ಮಗಾ. ಅವ್ರು ಮುಗಿಸ್ಲಿ ಅಂತ ಕಾಯ್ಬೇಕಾಗ್ತದೆ." ನಿಜಕ್ಕೂ ಹಾಡಿನ ಓಟ ನಿಧಾನವಾಗಿತ್ತು. ತನ್ನದೇ ದನಿ ತಡವಾಗಿ ಕೇಳಿದರೆ ಎಂಥ ಹಾಡುಗಾರರೂ ತೊಡರುತ್ತಾರೆ.

ರೆಕಾರ್ಡ್ ಆದದ್ದನ್ನು ಕೇಳಿದೆ. ಅದರಲ್ಲಿ ಒಂದೇ ದನಿ, ಸ್ವಚ್ಛವಾಗಿತ್ತು. ಈ ಪರೀಕ್ಷೆಯನ್ನು ಎಲ್ಲಕ್ಕಿಂತ ಮೊದಲು ಮಾಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಫೈಲಿನಲ್ಲೇ ಮಾರ್ದನಿ ಇದ್ದರೆ ಸ್ಪೀಕರಿನ ಸದ್ದು ಮೈಕಿಗೆ ಬೀಳುತ್ತಿರಬಹುದು, ಇಲ್ಲವೇ ಇನ್‌ಪುಟ್ ಆಯ್ಕೆ ತಪ್ಪಿರಬಹುದು. ಕಿವಿಯಲ್ಲಿ ಮಾತ್ರ ಇದ್ದರೆ ದನಿ ಎರಡು ದಾರಿಯಲ್ಲಿ ಬರುತ್ತಿದೆ. ಒಂದು ಡೈರೆಕ್ಟ್ ಮಾನಿಟರಿಂಗ್: ಮೈಕಿನೊಳಗಿಂದಲೇ ಹೆಡ್‌ಫೋನಿಗೆ, ಕಂಪ್ಯೂಟರನ್ನು ಮುಟ್ಟದೆ, ತಡವಿಲ್ಲದೆ. ಇನ್ನೊಂದು ಯುಎಸ್‌ಬಿ ಮೂಲಕ ಕಂಪ್ಯೂಟರಿಗೆ ಹೋಗಿ, ಅಲ್ಲಿ ಸದ್ದನ್ನು ಸ್ವಲ್ಪ ಹೊತ್ತು ಹಿಡಿದಿಡುವ ಬಫರಿನಲ್ಲಿ ಕಾದು, ವಾಪಸು ಬರುವುದು.

ಎರಡನೆಯ ದಾರಿಯನ್ನು ಯಾರು ತೆರೆದಿದ್ದಾರೆ ಎಂದು ತಿಳಿಯಲು ಅಡಾಸಿಟಿಯನ್ನು ಪೂರ್ತಿ ಮುಚ್ಚಿಸಿದೆ. ದೊಡ್ಡಮ್ಮ ಮತ್ತೆ ಒಂದು ಸಾಲು ಹಾಡಿ, "ಈಗಲೂ ಉಂಟು" ಅಂದರು. ಹಾಗಾದರೆ ಮೈಕಿನ ಸದ್ದನ್ನು ಕೂಡಲೇ ವಾಪಸು ಕೇಳಿಸುವ ಅಡಾಸಿಟಿಯ Software Playthrough ಅಲ್ಲ, ವಿಂಡೋಸಿನದೇ ಕೆಲಸ. ವಿಂಡೋಸ್ ಕೀ ಮತ್ತು R ಒತ್ತಿ ಇದನ್ನು ಕೊಟ್ಟೆ:

```
mmsys.cpl
```

Recording ಪುಟದಲ್ಲಿ ಮೈಕಿನ Properties, ಅದರೊಳಗೆ Listen. ಅಲ್ಲಿ Listen to this device ಮುಂದೆ ಟಿಕ್ ಇತ್ತು. ಮೌನದ ಗಲಿಬಿಲಿಯಲ್ಲಿ, ಮೈಕ್ ಕೇಳಿಸುತ್ತದೋ ನೋಡಲು ಹಾಕಿದ್ದಂತೆ. ತೆಗೆದೆ. "ಈಗ ನಾನೊಬ್ಬಳೇ" ಅಂದರು ದೊಡ್ಡಮ್ಮ, ಮತ್ತು ನಿಲ್ಲಿಸದೆ ಹಾಡಿದರು.

ಡೈರೆಕ್ಟ್ ಮಾನಿಟರಿಂಗ್ ಅನ್ನೇ ನಿಲ್ಲಿಸುವ ಬದಲು ಕಂಪ್ಯೂಟರಿನ ದಾರಿ ಮುಚ್ಚಿದ್ದಕ್ಕೆ ಕಾರಣ ಉಂಟು. ಹಾಡುವವರಿಗೆ ತಡವಿಲ್ಲದ ದನಿ ಸಿಗುವುದು ಮೊದಲನೆಯದರಲ್ಲಿ ಮಾತ್ರ. ಕೆಲವು ಮೈಕುಗಳಲ್ಲಿ ಅದಕ್ಕೆ ಸ್ವಿಚ್ ಇರುತ್ತದೆ, ಕೆಲವದರಲ್ಲಿ ತಿರುಗಿಸುವ ಗುಂಡಿ. ಈ ಮೈಕಿನಲ್ಲಿ ಎರಡೂ ಇರಲಿಲ್ಲ.

ಹೊರಡುವ ಮುಂಚೆ ಮೈಕ್ ಹಾಕಿದ್ದ ಯುಎಸ್‌ಬಿ ತೂತಿನ ಪಕ್ಕ ಒಂದು ತುಂಡು ಟೇಪ್ ಅಂಟಿಸಿ, ಯಾವಾಗಲೂ ಅಲ್ಲೇ ಚುಚ್ಚು ಎಂದೆ. ಬೇರೆ ತೂತಿಗೆ ಹಾಕಿದರೆ ವಿಂಡೋಸ್ ಅದನ್ನು ಹೊಸ ಸಾಧನವೆಂದು ತಿಳಿದು, ಹೆಸರಿಗೆ 2- ಸೇರಿಸಿ ತೋರಿಸುವುದುಂಟು. ಆಗ ಅಡಾಸಿಟಿಯಲ್ಲಿ ಆಯ್ಕೆಯನ್ನು ಮತ್ತೆ ಮಾಡಬೇಕಾಗುತ್ತದೆ.