ವಿಯೆಟ್ನಾಂಗೆ ಹೋಗುವ ಸಸ್ಯಾಹಾರಿಗಳು ಕಲಿಯಬೇಕಾದ ಒಂದು ಪದ

ಮೈಸೂರಿನ ಟ್ರಾವೆಲ್ ಏಜೆಂಟ್ ‘ಪೂರ್ತಿ ವೆಜ್ ಊಟ’ ಅಂತ ಹೇಳಿ ನಮ್ಮಿಂದ ಜಾಸ್ತಿ ದುಡ್ಡು ತೆಗೆದುಕೊಂಡಿದ್ದರು. ಹಾ ಲಾಂಗ್ ಕೊಲ್ಲಿಯ ದೋಣಿಯಲ್ಲಿ ಬಂದದ್ದು ಅನ್ನ ಮತ್ತು ಬೆಳ್ಳುಳ್ಳಿ ಹಾಕಿ ಬಾಡಿಸಿದ ಸೊಪ್ಪು. ಅಮ್ಮ ಒಂದು ತುತ್ತು ತಿಂದು ತಟ್ಟೆ ಸರಿಸಿದರು. ‘ಮೀನಿನ ವಾಸನೆ ಕಣೋ’ ಅಂದರು. ಗೈಡನ್ನು ಕೇಳಿದೆ. ‘ಮಾಂಸ ಹಾಕಿಲ್ಲವಲ್ಲ’ ಅಂತ ಅವರು ಸಹಜವಾಗಿಯೇ ಹೇಳಿದರು. ಅಮ್ಮ ಅವತ್ತು ಬಾಳೆಹಣ್ಣು ತಿಂದು ಮಲಗಿದರು. ಆ ಸಿಟ್ಟು ನನಗಿನ್ನೂ ಹೋಗಿಲ್ಲ.

ಆ ವಾಸನೆ ನುವೊಕ್ ಮಾಮ್‌ದು. ಮೀನನ್ನು ಉಪ್ಪಿನಲ್ಲಿ ತಿಂಗಳುಗಟ್ಟಲೆ ಹುದುಗಿಸಿ ಇಳಿಸುವ ರಸ ಅದು. ನಾವು ಪಲ್ಯಕ್ಕೆ ಉಪ್ಪು ಹಾಕುವಷ್ಟು ಸಲೀಸಾಗಿ ಅವರು ಸೊಪ್ಪಿಗೂ ಹಾಕುತ್ತಾರೆ. ಹಾಗಾಗಿ ‘ಮಾಂಸ ಬೇಡ’ ಅಂದರೆ ತುಂಡುಗಳು ಮಾತ್ರ ಹೋಗುತ್ತವೆ. ಮೀನಿನ ರಸವೂ ಮೂಳೆ ಬೇಯಿಸಿದ ಸಾರೂ ಉಳಿಯುತ್ತವೆ. ನಂಚಿಕೊಳ್ಳಲು ಕೊಡುವ ಬಟ್ಟಲನ್ನೂ ನೋಡಿ. ಚಹಾ ಡಿಕಾಕ್ಷನ್ ಹಾಗೆ ತಿಳಿಯಾಗಿದ್ದು, ಮೆಣಸಿನಕಾಯಿ ಚೂರು ತೇಲುತ್ತಿದ್ದರೆ ಮುಟ್ಟಬೇಡಿ. ಸೋಯಾ ಸಾಸ್ ಆದರೆ ಕಪ್ಪಗಿರುತ್ತದೆ. ಅನುಮಾನ ಬಂದರೆ ಮೂಸಿ ನೋಡಿ, ಗೊತ್ತಾಗುತ್ತದೆ.

ನಮ್ಮನ್ನು ಕಾಪಾಡಿದ್ದು ‘ಚಯ್’ ಎಂಬ ಪದ. ಬೌದ್ಧರ ಸಸ್ಯಾಹಾರಕ್ಕೆ ಅಲ್ಲಿ ಹಾಗನ್ನುತ್ತಾರೆ. ಮೀನಿನ ರಸವೂ ಅದರಲ್ಲಿ ಇರುವುದಿಲ್ಲ. ‘ತೊಯ್ ಅನ್ ಚಯ್’ ಅಂದರೆ ನಾನು ಚಯ್ ತಿನ್ನುತ್ತೇನೆ ಅಂತ. ಫೋನಿನ ಮ್ಯಾಪ್‌ನಲ್ಲಿ quán chay ಅಂತ ಹುಡುಕಿ.

ಹೊಯ್ ಆನ್‌ನಲ್ಲಿ ನಮಗೆ ಸಿಕ್ಕಿದ್ದು ಹಾಗೆ ಹುಡುಕಿದ ಪುಟ್ಟ ಅಂಗಡಿ. ನಾಲ್ಕು ಪ್ಲಾಸ್ಟಿಕ್ ಮೇಜು, ಗಾಜಿನ ಪೆಟ್ಟಿಗೆಯಲ್ಲಿ ಹತ್ತು ಹನ್ನೆರಡು ಪಲ್ಯ. ಬೆರಳು ತೋರಿಸಿದರೆ ಸಾಕು, ಆ ಅಜ್ಜಿ ಅನ್ನದ ಮೇಲೆ ಬಡಿಸುತ್ತಿದ್ದರು. ಎಳೆ ಹಲಸಿನ ಪಲ್ಯ, ಟೊಮೆಟೊ ಜೊತೆ ಬೇಯಿಸಿದ ತೋಫು, ಬಾಳೆಹೂವು, ಜೊತೆಗೊಂದು ಬಟ್ಟಲು ಸೊಪ್ಪಿನ ತಿಳಿಸಾರು. ತಟ್ಟೆಗೆ 40,000 ಡಾಂಗ್, ನಮ್ಮ ದುಡ್ಡಲ್ಲಿ 130 ರೂಪಾಯಿ ಆಸುಪಾಸು. ಮೂರು ದಿನ ಎರಡು ಹೊತ್ತೂ ಅಲ್ಲೇ ತಿಂದೆವು. ಹಲಸಿನ ಪಲ್ಯವನ್ನು ಅಮ್ಮ ಎರಡೆರಡು ಸಲ ಹಾಕಿಸಿಕೊಂಡರು.

ಒಂದು ಎಚ್ಚರಿಕೆ. ಪೆಟ್ಟಿಗೆಯಲ್ಲಿ ಕೋಳಿ ತುಂಡು, ಹಂದಿ ಮಾಂಸದ ಹಾಗೆ ಕಾಣುವುದೂ ಇರುತ್ತದೆ. ಸೋಯಾ, ಗೋಧಿಯಿಂದ ಮಾಡಿದ್ದು. ಅಮ್ಮ ಮೊದಲ ದಿನ ಅದನ್ನು ನೋಡಿ ಹೊರಗೇ ನಿಂತುಬಿಟ್ಟಿದ್ದರು. ಇಂಥವರು ನಿಮ್ಮ ಜೊತೆ ಇದ್ದರೆ ಮೊದಲೇ ತಿಳಿಸಿಬಿಡಿ.

ಟಿಕೆಟ್ ಮಾಡಿಸುವ ಮುಂಚೆ ಪಂಚಾಂಗ ನೋಡಿ. ಅಲ್ಲಿನ ಚಾಂದ್ರಮಾನ ತಿಂಗಳ 1 ಮತ್ತು 15ನೇ ದಿನ ಬಹಳ ಜನ ಚಯ್ ಊಟವನ್ನೇ ಮಾಡುತ್ತಾರೆ. ಹೆಚ್ಚುಕಮ್ಮಿ ನಮ್ಮ ಅಮಾವಾಸ್ಯೆ, ಹುಣ್ಣಿಮೆ ಹೊತ್ತಿಗೇ ಅವು ಬರುತ್ತವೆ. ನಾವು ಹ್ಯೂ ಊರಿಗೆ ಹೋದದ್ದು ಹುಣ್ಣಿಮೆ ದಿನ. ಬೇರೆ ದಿನ ಮಾಂಸ ಮಾರುವ ಅಂಗಡಿಯೂ ಅವತ್ತು ಚಯ್ ಬೋರ್ಡ್ ಹಾಕಿತ್ತು. ದೋಣಿ, ರೈಲಿನ ದಿನಗಳಿಗೆ ಮಾತ್ರ ಪುಳಿಯೋಗರೆ ಗೊಜ್ಜು ಇಟ್ಟುಕೊಳ್ಳಿ. ಬಿಳಿ ಅನ್ನ ಎಲ್ಲಿ ಕೇಳಿದರೂ ಕೊಡುತ್ತಾರೆ.