ಬುಟ್ಟಿ ಹೆಗಲು ದಾಟಿದ ಮೇಲೆ ಕಟ್

ಮಲ್ಪೆಯ ದಕ್ಕೆಯಲ್ಲಿ ತೆಗೆದ ಪುಟ್ಟ ಚಿತ್ರ. ಎಡಿಟ್ ಮಾಡಿದವಳು ಟೈಮ್‌ಲೈನನ್ನು ಮೊದಲ ಸಲ ಮುಟ್ಟಿದ ವಿದ್ಯಾರ್ಥಿನಿ. ಉಡುಪಿಯ ಎಡಿಟಿಂಗ್ ಕೋಣೆಯಲ್ಲಿ ಆ ಶನಿವಾರ ಬೆಳಿಗ್ಗೆಯೆಲ್ಲ ಹೋದದ್ದು ಒಂದೇ ಕಟ್‌ನ ಹಿಂದೆ.

ದೃಶ್ಯ ಇಷ್ಟೆ. ಮೀನು ಮಾರುವ ಅಕ್ಕ ಬಾಗಿ, ಬಂಗುಡೆ ತುಂಬಿದ ಬುಟ್ಟಿಯನ್ನು ಎತ್ತಿ ಸಿಂಬೆಯ ಮೇಲೆ ಇಟ್ಟುಕೊಳ್ಳುತ್ತಾರೆ. ಮೊದಲ ಶಾಟ್ ದೂರದ್ದು, ಇಡೀ ದೇಹ ಕಾಣುತ್ತದೆ. ಎರಡನೆಯದು ಹತ್ತಿರದ್ದು. ಹುಡುಗಿ ಬುಟ್ಟಿ ತಲೆಯ ಮೇಲೆ ಕೂತು, ಕೈ ನಿಂತ ಮೇಲೆ ಕಟ್ ಮಾಡಿದ್ದಳು. "ಸರ್, ಎರಡರಲ್ಲೂ ಬುಟ್ಟಿ ಒಂದೇ ಜಾಗದಲ್ಲಿದೆ, ಆದ್ರೂ ಯಾಕೆ ಎಗರಿದ ಹಾಗೆ ಕಾಣ್ತದೆ?" ಎಂದು ನನ್ನನ್ನು ಕೇಳಿದಳು. ಎಲ್ಲ ಸ್ತಬ್ಧವಾದಾಗ ಕಣ್ಣಿಗೆ ಹಿಂಬಾಲಿಸಲು ಏನೂ ಉಳಿದಿರುವುದಿಲ್ಲ, ಹಾಗಾಗಿ ಚಿತ್ರ ಬದಲಾದದ್ದೇ ಎದ್ದು ಕಾಣುತ್ತದೆ. ಬುಟ್ಟಿ ಮೇಲೇರುತ್ತಿರುವಾಗ ಕಟ್ ಬಂದರೆ ಕಣ್ಣು ಬುಟ್ಟಿಯ ಜೊತೆಗೇ ಮುಂದಿನ ಶಾಟ್‌ಗೆ ಹೋಗಿಬಿಡುತ್ತದೆ. ಚಲನೆಯ ಮೇಲೆ ಕಟ್ ಮಾಡುವುದು ಅಂದರೆ ಇದು.

ಮಾಡುವ ಕ್ರಮ ಹೀಗೆ: ಎರಡೂ ಶಾಟ್‌ಗಳಲ್ಲಿ ಸ್ಪಷ್ಟವಾಗಿ ಗುರುತು ಸಿಗುವ ಒಂದೇ ಕ್ಷಣ ಹುಡುಕಬೇಕು. ಇಲ್ಲಿ ಅದು ಬುಟ್ಟಿಯ ತಳ ಸಿಂಬೆಯನ್ನು ಮುಟ್ಟುವ ಫ್ರೇಮ್. ಎರಡಕ್ಕೂ ಅಲ್ಲಿ ಮಾರ್ಕರ್ ಹಾಕಿ, ಹತ್ತಿರದ ಶಾಟನ್ನು ಮೇಲಿನ ಟ್ರ್ಯಾಕ್‌ನಲ್ಲಿಟ್ಟು, ಮಾರ್ಕರ್‌ಗಳನ್ನು ಒಂದರ ಮೇಲೊಂದು ಕೂರಿಸಬೇಕು. ಕಟ್ ಎಲ್ಲಿ ಬರಬೇಕೋ ಅಲ್ಲಿವರೆಗೆ ಮೇಲಿನ ಶಾಟ್‌ನ ಶುರುವಿನ ಭಾಗ ಕತ್ತರಿಸಿ, ಅದನ್ನು ಕೆಳಗಿನ ಟ್ರ್ಯಾಕ್‌ಗೆ ಇಳಿಸಿದರಾಯಿತು. ಆಮೇಲೆ, ಎರಡೂ ಶಾಟ್‌ಗಳಲ್ಲಿ ಚಲನೆಯ ವೇಗ ಒಂದೇ ಆಗಿದ್ದರೆ, ಶಾಟ್‌ಗಳ ನಡುವಿನ ಗಡಿಯನ್ನಷ್ಟೇ ಸರಿಸುವ ರೋಲಿಂಗ್ ಎಡಿಟ್‌ನಿಂದ ಕಟ್ಟನ್ನು ಹಿಂದೆ ಮುಂದೆ ಎಷ್ಟು ಎಳೆದರೂ ಚಲನೆಯ ಹೊಂದಾಣಿಕೆ ಕೆಡುವುದಿಲ್ಲ. ಕಟ್ ಹುಡುಕುವ ಕೆಲಸ ಬರೀ ಎಳೆದು ನೋಡುವ ಕೆಲಸವಾಗುತ್ತದೆ.

ಎತ್ತುವ ಚಲನೆಯ ಮೂರನೇ ಒಂದು ಭಾಗ ಕಳೆದ ಮೇಲೆ ಕಟ್ ಮಾಡಿ ಅನ್ನುವುದು ವಾಡಿಕೆಯ ಮಾತು. ಅಲ್ಲಿ ಇಟ್ಟು ನೋಡಿದರೆ ಇನ್ನೂ ಏನೋ ತಪ್ಪು. ಫ್ರೇಮ್ ಎಣಿಸಿದಾಗ ಕಾರಣ ಸಿಕ್ಕಿತು. ಸೆಕೆಂಡಿಗೆ 25 ಫ್ರೇಮ್‌ನ ಈ ಚಿತ್ರದಲ್ಲಿ, ದೂರದ ಶಾಟ್‌ನಲ್ಲಿ ಬುಟ್ಟಿ ನೆಲದಿಂದ ತಲೆಗೆ ಬರಲು 40 ಫ್ರೇಮ್ ಬೇಕಾಗಿತ್ತು, ಹತ್ತಿರದ ಶಾಟ್‌ನಲ್ಲಿ 28 ಮಾತ್ರ. ಎರಡನೇ ಸಲ ತೆಗೆಯುವಾಗ ಅಕ್ಕನಿಗೆ ಕಷ್ಟವಾಗಬಾರದೆಂದು ಅರ್ಧ ಮೀನು ತೆಗೆದಿಟ್ಟಿದ್ದರಂತೆ. ಕೆಟ್ಟ ಯೋಚನೆಯೇನಲ್ಲ, ಆದರೆ ಹಗುರವಾದ ಬುಟ್ಟಿ ಬೇಗ ಏರುತ್ತದೆ. ತೆಗೆದ ಮೀನಿನಷ್ಟೇ ತೂಕದ ಕಲ್ಲನ್ನು ತಳಕ್ಕೆ ಹಾಕಿದ್ದರೂ ಪ್ರಯೋಜನವಿರಲಿಲ್ಲ, ಅಕ್ಕನ ಕಷ್ಟ ಹಾಗೇ ಉಳಿಯುತ್ತಿತ್ತು. ಎರಡೂ ಸಲ ಅರ್ಧ ಬುಟ್ಟಿಯಲ್ಲೇ ತೆಗೆಯಬೇಕಾಗಿತ್ತು.

ಈಗ ಉಳಿದ ದಾರಿ ಕಟ್ಟನ್ನು ತಡವಾಗಿಸುವುದು. ಸೊಂಟದ ಎತ್ತರದಲ್ಲಿ, 15ನೇ ಫ್ರೇಮ್‌ನಲ್ಲಿ ಕಟ್ ಮಾಡಿದರೆ ದೂರದ ಶಾಟ್‌ನಲ್ಲಿ ಉಳಿಯುವ ಚಲನೆ 25 ಫ್ರೇಮ್‌ನದು, ಹತ್ತಿರದ್ದರಲ್ಲಿ ಹೆಚ್ಚುಕಡಿಮೆ 17. ಆ ವ್ಯತ್ಯಾಸ ಕಣ್ಣಿಗೆ ರಾಚುತ್ತದೆ. ಬುಟ್ಟಿ ಹೆಗಲು ದಾಟಿದ ಮೇಲೆ, 30ನೇ ಫ್ರೇಮ್‌ನಲ್ಲಿ ಕಟ್ ಮಾಡಿದರೆ 10 ಮತ್ತು 7. ಮೂರು ಫ್ರೇಮ್‌ನ ಅಂತರ ಯಾರಿಗೂ ಗೊತ್ತಾಗಲಿಲ್ಲ. ಹತ್ತಿರದ ಶಾಟನ್ನು ಎರಡು ಫ್ರೇಮ್ ಹಿಂದಿನಿಂದ ಶುರುಮಾಡಿ, ಅಷ್ಟು ಚಲನೆ ಎರಡು ಸಲ ಬರುವಂತೆ ಮಾಡಿದೆವು. ಹೊಸ ಚಿತ್ರವನ್ನು ಗ್ರಹಿಸಲು ಕಣ್ಣಿಗೆ ಸ್ವಲ್ಪ ಹೊತ್ತು ಬೇಕು, ಅಷ್ಟರಲ್ಲಿ ಚಲನೆ ಮುಂದೆ ಹೋಗಿಬಿಟ್ಟರೆ ಏನೋ ಬಿಟ್ಟುಹೋದ ಹಾಗೆ ಅನಿಸುತ್ತದೆ.

ಅಲ್ಲಿಂದ ಮುಂದೆ ದಕ್ಕೆಯಿಂದ ಬಸ್ಸಿಗೆ, ಬಸ್ಸಿನಿಂದ ಮನೆಯಂಗಳಕ್ಕೆ ಹೋಗುವಲ್ಲೆಲ್ಲ ಡಿಸಾಲ್ವ್, ಅಂದರೆ ಒಂದು ಚಿತ್ರ ಕರಗುತ್ತಾ ಇನ್ನೊಂದು ಮೂಡುವುದು. "ಸಡನ್ ಆಗಿ ಬದಲಾಗಬಾರ್ದು ಅಂತ ಹಾಕಿದ್ದು" ಎಂದಳು. ಆದರೆ ಬದಲಾವಣೆಗೆ ಕಾರಣ ದೃಶ್ಯದ ಒಳಗೇ ಇರಬೇಕು. ನೋಟವೋ, ಸದ್ದೋ, ಚಲನೆಯೋ, ಏನಾದರೊಂದು ಮುಂದಿನ ಶಾಟನ್ನು ಕರೆಯಬೇಕು. ಬಸ್ಸಿನ ಶಾಟ್‌ನಲ್ಲಿ ಕಂಡಕ್ಟರ್‌ನ ಸೀಟಿ ಇತ್ತು. ಧ್ವನಿಯನ್ನು ಚಿತ್ರದಿಂದ ಬಿಡಿಸಿ, ಆ ಸೀಟಿಯನ್ನು 15 ಫ್ರೇಮ್ ಹಿಂದಕ್ಕೆ, ಅಕ್ಕನ ಮುಖ ಕಾಣುವ ಶಾಟ್‌ನ ಕೆಳಗೆ ಎಳೆದೆವು. ಸೀಟಿ ಕೇಳಿಸುತ್ತದೆ, ಅಕ್ಕ ಕಣ್ಣು ತಿರುಗಿಸುತ್ತಾರೆ, ಕಣ್ಣು ಹೊರಳಿದ ಕೂಡಲೇ ಬಸ್ಸು. ಪ್ರೇಕ್ಷಕರಿಗೂ ಅಷ್ಟರಲ್ಲಿ ಆ ಕಡೆ ನೋಡಬೇಕು ಅನಿಸಿರುತ್ತದೆ. ಮನೆಯ ಅಂಗಳಕ್ಕೆ ಹೋಗಲು ಬಸ್ಸಿನ ಪಕ್ಕದಲ್ಲಿ ಬುಟ್ಟಿ ಇಳಿಸುವ ಶಾಟ್ ಸಾಕಾಯಿತು. ಇಳಿಸಲು ಶುರುಮಾಡುವುದು ಬಸ್‌ಸ್ಟ್ಯಾಂಡಿನಲ್ಲಿ, ನೆಲಕ್ಕೆ ಮುಟ್ಟುವುದು ಅಂಗಳದಲ್ಲಿ.

ಎತ್ತುವ ಕಟ್‌ನ ಮೇಲೂ ಆಕೆ ಒಮ್ಮೆ ಡಿಸಾಲ್ವ್ ಹಾಕಿ ನೋಡಿದ್ದಳಂತೆ. ಅಲ್ಲಿ ಅದು ತಪ್ಪನ್ನು ಮುಚ್ಚುವ ಬದಲು ತೋರಿಸಿಕೊಡುತ್ತದೆ: ಎರಡು ಚಿತ್ರಗಳು ಒಟ್ಟಿಗೆ ಕಾಣುವುದರಿಂದ ಪರದೆಯ ಮೇಲೆ ಎರಡು ಬುಟ್ಟಿಗಳು ತೇಲುತ್ತವೆ.

ಉಳಿಸಿಕೊಂಡದ್ದು ಒಂದೇ ಡಿಸಾಲ್ವ್, ಸಂಜೆಯ ಅಂಗಳದಿಂದ ಮರುದಿನದ ನಸುಕಿನ ಕಡಲಿಗೆ. ಅಲ್ಲಿ ಒಂದು ರಾತ್ರಿ ಕಳೆದಿದೆ, ಅದನ್ನು ಹೇಳಲೇಬೇಕಿತ್ತು. 25 ಫ್ರೇಮ್ ಇಡಲು ಹೋದರೆ ಸಾಫ್ಟ್‌ವೇರ್ ಒಪ್ಪಲಿಲ್ಲ. ಕಟ್‌ನ ಆಚೀಚೆ ಸಮವಾಗಿ ಹರಡುವ ಡಿಸಾಲ್ವ್‌ಗೆ ಎರಡೂ ಶಾಟ್‌ಗಳಲ್ಲಿ ಅದರ ಅರ್ಧದಷ್ಟು ಹೆಚ್ಚುವರಿ ಫ್ರೇಮ್ ಇರಬೇಕು. ಅಂಗಳದ ಶಾಟ್‌ನಲ್ಲಿ ಕ್ಯಾಮೆರಾ ಬೇಗ ನಿಲ್ಲಿಸಿದ್ದರಿಂದ ಉಳಿದದ್ದು ಎಂಟೇ. ಹಾಗಾಗಿ ಅದನ್ನು 16 ಫ್ರೇಮ್‌ಗೆ ಇಳಿಸಿದೆವು.