ಸೀರೆ ಕ್ಯಾಮೆರಾದಿಂದ ಬರಲಿ, ಹಿನ್ನೆಲೆ ಎಐನಿಂದ

“ನಮ್ಮದು ಇಳಕಲ್ ಸೀರೆ ಬ್ರ್ಯಾಂಡು. ಹಬ್ಬದ ಪೋಸ್ಟರ್, ಇನ್‌ಸ್ಟಾಗ್ರಾಂ ಚಿತ್ರ ಎಲ್ಲವನ್ನೂ ಎಐನಲ್ಲೇ ಮಾಡಿಸಬಹುದಾ? ನಮ್ಮ ಶೈಲಿ ಕೆಡಬಾರದು, ನಾಳೆ ಲೀಗಲ್ ನೋಟಿಸೂ ಬರಬಾರದು.”

ಒಂದಷ್ಟನ್ನು ಮಾಡಿಸಬಹುದು, ಎಲ್ಲವನ್ನೂ ಅಲ್ಲ. ಮಾರುವ ಸೀರೆ ಕ್ಯಾಮೆರಾದಿಂದಲೇ ಬರಬೇಕು. ಅದರ ಹಿಂದಿನ ಗೋಡೆ, ಜಗಲಿ, ಬೆಳಕನ್ನು ಎಐ ಮಾಡಿಕೊಡಲಿ. ಅಕ್ಷರ ಮತ್ತು ಲೋಗೋವನ್ನು ಕೊನೆಯಲ್ಲಿ ಡಿಸೈನರ್ ಕೂರಿಸಲಿ. ಉಳಿದ ನಿಯಮಗಳೆಲ್ಲ ಈ ವಿಂಗಡಣೆಯಿಂದಲೇ ಹುಟ್ಟುತ್ತವೆ.

ಸೀರೆಯನ್ನೇಕೆ ಎಐಗೆ ಬಿಡಬಾರದು ಎಂಬುದನ್ನು ತಿಳಿಯಲು ‘ಇಳಕಲ್ ಸೀರೆ’ ಎಂದು ಟೈಪ್ ಮಾಡಿ ಬಂದ ಚಿತ್ರವನ್ನು ದೊಡ್ಡದು ಮಾಡಿ ನೋಡಿ. ಸಾಮಾನ್ಯವಾಗಿ ಬರುವುದು ಜರಿ ತುಂಬಿದ, ಕಾಂಚೀಪುರಕ್ಕೋ ಬನಾರಸಿಗೋ ಹತ್ತಿರವಾದ ಯಾವುದೋ ಒಂದು ಸೀರೆ. ಇಳಕಲ್‌ನ ಗುರುತಾದ ಟೋಪ ತೆನಿ ಸೆರಗು, ಅಂದರೆ ಕೆಂಪು ರೇಷ್ಮೆಯ ಮೇಲೆ ಕೋಟೆಯ ತೆನೆಗಳಂತೆ ಸಾಲಾಗಿ ಏಳುವ ಬಿಳಿ ಆಕಾರಗಳು, ಅದರಲ್ಲಿ ಇದ್ದರೂ ಒಂದೊಂದು ಒಂದೊಂದು ಎತ್ತರಕ್ಕಿರುತ್ತವೆ. ದಡಿಯ ವಿನ್ಯಾಸ ಒಂದು ಮಡಿಕೆಯ ಒಳಗೆ ಹೋಗಿ ಇನ್ನೊಂದು ಕಡೆ ಹೊರಬರುವಾಗ ಬೇರೆಯೇ ವಿನ್ಯಾಸವಾಗಿರುತ್ತದೆ. ಕಸೂತಿಯಲ್ಲಂತೂ ತಪ್ಪು ಬೇಗ ಕಾಣುತ್ತದೆ. ಗವಂತಿ, ಮುರಗಿ ಹೊಲಿಗೆಗಳನ್ನು ಬಟ್ಟೆಯ ಎಳೆ ಎಣಿಸಿ ಹಾಕುವುದರಿಂದ ಗೋಪುರವಾಗಲಿ ತೇರಾಗಲಿ, ಪ್ರತಿ ಗೆರೆಯೂ ಎಳೆಗಳ ಚೌಕದ ಲೆಕ್ಕಕ್ಕೆ ಕೂರುತ್ತದೆ. ಎಐ ಎಳೆ ಎಣಿಸುವುದಿಲ್ಲ, ಕಸೂತಿಯ ಹಾಗೆ ಕಾಣುವುದನ್ನು ಬಳಿಯುತ್ತದೆ. ಹಾಗಾಗಿ ತೇರಿನ ಎಡಭಾಗಕ್ಕೂ ಬಲಭಾಗಕ್ಕೂ ಹೊಂದಿಕೆ ಇರುವುದಿಲ್ಲ, ಗೆರೆಗಳು ಮಧ್ಯದಲ್ಲಿ ಬಾಗಿರುತ್ತವೆ. ಧಾರವಾಡದ ಕಡೆಯ ಹೆಣ್ಣುಮಗಳು ಅದನ್ನು ಒಂದೇ ನೋಟಕ್ಕೆ ಗುರುತಿಸುತ್ತಾಳೆ.

ಇದು ಅಂದಗೇಡಿನ ಮಾತಷ್ಟೇ ಅಲ್ಲ. ಚಿತ್ರದಲ್ಲಿ ಒಂದು ಸೀರೆ ತೋರಿಸಿ ಪೆಟ್ಟಿಗೆಯಲ್ಲಿ ಇನ್ನೊಂದು ಕಳಿಸಿದರೆ ಅದು ದಾರಿ ತಪ್ಪಿಸುವ ಜಾಹೀರಾತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಕೇಂದ್ರ ಪ್ರಾಧಿಕಾರ ಅದಕ್ಕೆ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು, ಮತ್ತೆ ಮಾಡಿದರೆ 50 ಲಕ್ಷದವರೆಗೆ. ಜೊತೆಗೆ ಇಳಕಲ್ ಸೀರೆಗೆ ಭೌಗೋಳಿಕ ಸೂಚಿಕೆಯ ನೋಂದಣಿ ಇದೆ. ಆ ಊರಿನದಲ್ಲದ ಮಾಲನ್ನು ಅಲ್ಲಿಯದೆಂದು ಜನ ನಂಬುವ ಹಾಗೆ ತೋರಿಸುವುದು 1999ರ ಭೌಗೋಳಿಕ ಸೂಚಿಕೆ ಕಾಯ್ದೆಯ ಉಲ್ಲಂಘನೆ. ಮಗ್ಗದ ಮುಂದೆ ಕುಳಿತ ನೇಕಾರರ ಎಐ ಚಿತ್ರ ಹಾಕಿ, ಅಂಗಡಿಯಲ್ಲಿ ಬೇರೆ ಊರಿನ ಪವರ್‌ಲೂಮ್ ಸೀರೆ ಮಾರುವವರು ಈ ಎರಡೂ ಕಾಯ್ದೆಗಳ ಕೆಳಗೆ ಬರುತ್ತಾರೆ. ನಿಜವಾದ ಮಾಲು ಮಾರುವವರಿಗೂ ನಮ್ಮ ಸಲಹೆ ಒಂದೇ: ನೇಕಾರರನ್ನು ಎಐನಲ್ಲಿ ಹುಟ್ಟಿಸಬೇಡಿ. ಅವರ ಒಪ್ಪಿಗೆ ಪಡೆದು, ಅವರ ಮಗ್ಗದ ಹತ್ತಿರವೇ ಹೋಗಿ ಫೋಟೋ ತೆಗೆಯಿರಿ.

ಕೆಲಸದ ಕ್ರಮ ಹೀಗಿರಲಿ. ಮೊದಲು ಸೀರೆಯ ಫೋಟೋ. ಬೆಳಕು ಯಾವ ಕಡೆಯಿಂದ, ಕ್ಯಾಮೆರಾ ಎಷ್ಟು ಎತ್ತರದಲ್ಲಿ, ಯಾವ ಲೆನ್ಸ್ ಎಂಬ ಮೂರನ್ನೂ ಬರೆದಿಡಿ. ಮೊದಲ ಫ್ರೇಮಿನಲ್ಲಿ ಸೀರೆಯ ಪಕ್ಕ ಒಂದು ಗ್ರೇ ಕಾರ್ಡ್ ಇಟ್ಟು ತೆಗೆದರೆ ಆಮೇಲೆ ಬಣ್ಣ ಸರಿಪಡಿಸಲು ಆಧಾರ ಸಿಗುತ್ತದೆ. ನಂತರ ಸೀರೆಯನ್ನು ಮಾಸ್ಕ್ ಮಾಡಿ ಬೇರೆ ಲೇಯರ್‌ಗೆ ತೆಗೆದುಕೊಳ್ಳಿ. ಹಿನ್ನೆಲೆಯ ಸರದಿ ಆಮೇಲೆ. ಹಿನ್ನೆಲೆ ಮೊದಲು ಮಾಡಿಸಿಕೊಂಡು ಅದಕ್ಕೆ ತಕ್ಕಂತೆ ಫೋಟೋ ತೆಗೆಯುತ್ತೇವೆಂದರೆ ಸ್ಟುಡಿಯೋದಲ್ಲಿ ದಿನವಿಡೀ ಲೈಟು ಸರಿಸುತ್ತ ಕೂರಬೇಕಾಗುತ್ತದೆ.

ಫೋಟೋದಲ್ಲಿ ಬೆಳಕು ಎಡದಿಂದ, ಕ್ಯಾಮೆರಾ ಸೊಂಟದ ಎತ್ತರದಲ್ಲಿ, ಲೆನ್ಸ್ 50 ಎಂಎಂ ಇದ್ದರೆ ಚಿತ್ರ ಮಾಡಿಕೊಡುವ ಎಐ ಟೂಲ್ ಮಿಡ್‌ಜರ್ನಿಗೆ ಕೊಡುವ ಪ್ರಾಂಪ್ಟ್, ಅಂದರೆ ಬರಹದ ಸೂಚನೆ, ಹೀಗಿರಬಹುದು:

```
empty verandah of an old north Karnataka house, stone floor,
wooden pillars, lime-washed wall, soft light from the left,
waist-height camera, 50mm, muted ochre and off-white
--ar 4:5 --sref URL --sw 200 --no people, text, logo
```

ಇದರಲ್ಲಿ ಸೀರೆಯ ಮಾತೇ ಇಲ್ಲ. ಜನ ಬೇಡ ಎಂಬುದನ್ನು ವಾಕ್ಯದೊಳಗೆ ಬರೆದರೆ ಆ ಪದವೇ ಜನರನ್ನು ಕರೆತರುವುದುಂಟು. ಅದಕ್ಕಾಗಿ ಬೇಡದ್ದೆಲ್ಲ `--no` ನಂತರ ಹೋಗಿದೆ. ಶೈಲಿಯನ್ನು ಹಿಡಿದಿಡುವುದು `--sref`. ಅಲ್ಲಿ URL ಎಂದಿರುವ ಜಾಗಕ್ಕೆ ನಿಮ್ಮ ಬ್ರ್ಯಾಂಡಿನ ಮಾದರಿ ಚಿತ್ರದ ಕೊಂಡಿ ಹಾಕಬೇಕು. ಆ ಮಾದರಿಯನ್ನು ಎಷ್ಟು ಬಿಗಿಯಾಗಿ ಅನುಸರಿಸಬೇಕೆಂಬುದನ್ನು `--sw` ಹೇಳುತ್ತದೆ. ಅದು 0ಯಿಂದ 1000ದವರೆಗೆ ಹೋಗುತ್ತದೆ, ಏನೂ ಬರೆಯದಿದ್ದರೆ 100. ತುಂಬ ಏರಿಸಿದರೆ ಮಾದರಿಯಲ್ಲಿದ್ದ ಕಿಟಕಿ, ಕಂಬಗಳೂ ಹೊಸ ಚಿತ್ರದೊಳಗೆ ನುಸುಳಬಹುದು. 200ರ ಸುಮಾರಿನಿಂದ ಶುರುಮಾಡಿ ನೋಡುವುದು ಒಳ್ಳೆಯದು.

ಬ್ರ್ಯಾಂಡಿನ ಚಿತ್ರಗಳು ದಾರಿ ತಪ್ಪುವುದು ಹೆಚ್ಚಾಗಿ ಇಲ್ಲೇ. ಒಬ್ಬರು ಒಂದು ಮಾದರಿ ಚಿತ್ರ ಹಾಕುತ್ತಾರೆ, ಮುಂದಿನ ವಾರ ಇನ್ನೊಬ್ಬರು ಬೇರೆಯದನ್ನು ಹಾಕುತ್ತಾರೆ. ಅಷ್ಟರಲ್ಲಿ ಟೂಲ್‌ನ ಆವೃತ್ತಿಯೂ ಬದಲಾಗಿರುತ್ತದೆ. ಆರೆಂಟು ಮಾದರಿ ಚಿತ್ರಗಳನ್ನು ಆರಿಸಿ ಒಂದು ಫೋಲ್ಡರಿನಲ್ಲಿಟ್ಟು, ಎಲ್ಲರೂ ಅವನ್ನೇ ಬಳಸಬೇಕು. ಪ್ರಾಂಪ್ಟಿನಲ್ಲಿ ಬೆಳಕು, ಬಣ್ಣ, ಕ್ಯಾಮೆರಾದ ಭಾಗವನ್ನು ಮುಟ್ಟದೆ ಜಾಗದ ಹೆಸರನ್ನು ಮಾತ್ರ ಬದಲಿಸಬೇಕು. ಒಂದು ಹಬ್ಬದ ಸರಣಿ ಮುಗಿಯುವವರೆಗೆ ಆವೃತ್ತಿ ಬದಲಿಸಬಾರದು.

ಆ ಮಾದರಿ ಚಿತ್ರಗಳು ನಿಮ್ಮವೇ ಆಗಿರಬೇಕು. ಇದು ಅಂದುಕೊಂಡಷ್ಟು ಸುಲಭವಲ್ಲ. ಹಣ ಕೊಟ್ಟು ತೆಗೆಸಿದ ಫೋಟೋಗೆ, ಬೇರೆ ಒಪ್ಪಂದ ಇಲ್ಲದಿದ್ದರೆ, 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ತೆಗೆಸಿದವರೇ ಮೊದಲ ಒಡೆಯರು. ಆದರೆ ಫೋಟೋಗ್ರಾಫರ್ ಜೊತೆ ಬೇರೆ ಥರ ಬರೆದುಕೊಂಡಿದ್ದರೆ ಅದೇ ನಡೆಯುತ್ತದೆ. ಬೇರೆಯವರು ಬರಹದಲ್ಲಿ ಹಕ್ಕು ವರ್ಗಾಯಿಸಿಕೊಟ್ಟ ಕೃತಿಯಾದರೆ, ಪತ್ರದಲ್ಲಿ ಅವಧಿ ಬರೆಯದಿದ್ದಾಗ ಅದು ಐದು ವರ್ಷಕ್ಕೆ ಮುಗಿಯುತ್ತದೆ. ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ ಅನ್ವಯಿಸುತ್ತದೆ. ಹೊರದೇಶದ ಕನ್ನಡಿಗರಿಗೂ ಸೀರೆ ಕಳಿಸುವವರು ಹಳೆಯ ಪತ್ರಗಳನ್ನು ತೆಗೆದು ಈ ಎರಡು ಸಾಲುಗಳನ್ನು ಹುಡುಕಬೇಕು.

ಹಿನ್ನೆಲೆ ಬಂದ ಮೇಲೆ ಸೀರೆಯನ್ನು ಅದರ ಮೇಲೆ ಕೂರಿಸಿ ಮೂರು ಸಂಗತಿ ನೋಡಿ. ಕಂಬದ ನೆರಳು ಬೀಳುವ ದಿಕ್ಕಿಗೂ ಸೀರೆಯ ಮಡಿಕೆಗಳ ನೆರಳಿನ ದಿಕ್ಕಿಗೂ ತಾಳೆ ಇದೆಯೇ? ನೆಲ ಮತ್ತು ಸೀರೆ ಒಂದೇ ಎತ್ತರದಿಂದ ನೋಡಿದ ಹಾಗಿವೆಯೇ? ಸೀರೆ ನೆಲಕ್ಕೆ ತಾಗುವ ಕಡೆ ಗಾಢವಾದ ತೆಳು ನೆರಳಿದೆಯೇ? ಈ ಮೂರನೆಯದನ್ನು ಬಹಳ ಜನ ಬಿಡುತ್ತಾರೆ, ಆಗ ಸೀರೆ ಗಾಳಿಯಲ್ಲಿ ನಿಂತಂತೆ ಕಾಣುತ್ತದೆ. ಆ ನೆರಳನ್ನು ಪ್ರತ್ಯೇಕ ಲೇಯರಿನಲ್ಲಿ, ಕೆಳಗಿನ ಬಣ್ಣವನ್ನು ಗಾಢವಾಗಿಸುವ ಮಲ್ಟಿಪ್ಲೈ ಮೋಡ್‌ನಲ್ಲಿ ಕೈಯಿಂದಲೇ ಬಳಿಯಬೇಕು. ಇಡೀ ಚಿತ್ರಕ್ಕೆ ಫಿಲ್ಟರ್ ಹಾಕಿದರೆ ಸೀರೆಯ ಬಣ್ಣವೂ ಬದಲಾಗುತ್ತದೆ, ಆದ್ದರಿಂದ ಫಿಲ್ಟರ್ ಹಿನ್ನೆಲೆಯ ಲೇಯರಿಗೆ ಮಾತ್ರ. ಬ್ರ್ಯಾಂಡಿನ ಕೆಂಪು `#9B1B30` ಎಂದಿಟ್ಟುಕೊಳ್ಳಿ. ಅದನ್ನು ಪ್ರಾಂಪ್ಟಿನಲ್ಲಿ ಬರೆದರೂ ಅದೇ ಕೆಂಪು ಬರುತ್ತದೆಂಬ ಖಾತ್ರಿಯಿಲ್ಲ. ಪಟ್ಟಿ, ಚೌಕಟ್ಟು, ಬಟನ್‌ಗಳನ್ನು ಲೇಔಟ್‌ನಲ್ಲೇ ಆ ಬಣ್ಣದಿಂದ ತುಂಬಿಸಿ.

ಅಕ್ಷರವನ್ನೂ ಲೇಔಟ್‌ನಲ್ಲೇ ಹಾಕಬೇಕು. ಚಿತ್ರದ ಎಐಗಳು ಕನ್ನಡದ ಒತ್ತಕ್ಷರದಲ್ಲಿ ಎಡವುತ್ತವೆ. ‘ವರಮಹಾಲಕ್ಷ್ಮಿ’ಯ ‘ಕ್ಷ್ಮಿ’ಯಂಥ ಕಡೆ ಅಕ್ಷರದಂತೆ ಕಾಣುವ, ಆದರೆ ಅಕ್ಷರವಲ್ಲದ ಸುರುಳಿ ಬರುತ್ತದೆ. ಬಲೂ ತಮ್ಮ, ನೋಟೋ ಸಾನ್ಸ್ ಕನ್ನಡದಂಥ ಮುಕ್ತ ಪರವಾನಗಿಯ ಫಾಂಟುಗಳನ್ನು ವ್ಯಾಪಾರಕ್ಕೂ ಬಳಸಬಹುದು.

ಇನ್ನು ಪ್ರಾಂಪ್ಟಿನಲ್ಲಿ ಎಂದೂ ಬರೆಯಬಾರದ ಪದಗಳು: ಕಲಾವಿದರ ಹೆಸರು, ಸಿನಿಮಾದ ಹೆಸರು, ಬೇರೆ ಬ್ರ್ಯಾಂಡಿನ ಹೆಸರು, ನಟ-ನಟಿಯರ ಹೆಸರು. ‘ಆ ನಟಿಯ ಹಾಗೆ’ ಎಂದು ಬರೆದ ಪ್ರಾಂಪ್ಟು ಮುಂದೆ ನಿಮ್ಮ ವಿರುದ್ಧದ ಸಾಕ್ಷಿಯಾಗುತ್ತದೆ. 2023ರಲ್ಲಿ ದೆಹಲಿ ಹೈಕೋರ್ಟ್ ನಟ ಅನಿಲ್ ಕಪೂರ್ ಅವರ ಹೆಸರು, ಮುಖ, ಧ್ವನಿಯನ್ನು ಅನುಮತಿ ಇಲ್ಲದೆ ಎಐ ಮೂಲಕವೂ ವ್ಯಾಪಾರಕ್ಕೆ ಬಳಸದಂತೆ ತಡೆಯಾಜ್ಞೆ ಕೊಟ್ಟಿದೆ. ಆಗಸ್ಟ್ 15, ಅಕ್ಟೋಬರ್ 2ರ ಪೋಸ್ಟರುಗಳಲ್ಲಿ ಇನ್ನೊಂದು ಎಚ್ಚರ ಬೇಕು. ರಾಷ್ಟ್ರಧ್ವಜವನ್ನಾಗಲಿ ಮಹಾತ್ಮ ಗಾಂಧಿಯವರ ಚಿತ್ರವನ್ನಾಗಲಿ ಸರ್ಕಾರದ ಅನುಮತಿಯಿಲ್ಲದೆ ವ್ಯಾಪಾರಕ್ಕೆ ಬಳಸುವುದನ್ನು 1950ರ ಲಾಂಛನ ಮತ್ತು ಹೆಸರುಗಳ ಕಾಯ್ದೆ ತಡೆಯುತ್ತದೆ. ಎಐ ಬಿಡಿಸಿದ್ದು ಎಂಬ ಕಾರಣಕ್ಕೆ ವಿನಾಯಿತಿ ಇಲ್ಲ.

ಸೀರೆ ಉಟ್ಟು ನಿಲ್ಲುವ ರೂಪದರ್ಶಿಯ ಒಪ್ಪಿಗೆ ಪತ್ರವನ್ನೂ ಹೊಸದಾಗಿ ಬರೆಯಬೇಕು. ಹಿನ್ನೆಲೆ ಬದಲಿಸಬಹುದೇ, ಮುಖ ಬದಲಿಸಬಹುದೇ, ಅವರು ಉಡದ ಸೀರೆಯನ್ನು ಅವರ ಮೈಮೇಲೆ ಕೂರಿಸಬಹುದೇ, ಅವರ ಫೋಟೋಗಳಿಂದ ಮಾಡೆಲ್ ತರಬೇತಿ ಮಾಡಬಹುದೇ ಎಂಬ ನಾಲ್ಕಕ್ಕೂ ಬೇರೆ ಬೇರೆ ಹೌದು-ಇಲ್ಲ ಇರಲಿ, ಅವಧಿಯೂ ಇರಲಿ. ಹೆಚ್ಚಿನ ಹಕ್ಕಿಗೆ ಹೆಚ್ಚಿನ ಸಂಭಾವನೆ ಕೊಡುವುದು ನ್ಯಾಯ.

ಚಂದಾ ತೆಗೆದುಕೊಳ್ಳುವ ಮುನ್ನ ಟೂಲ್‌ನ ಷರತ್ತು ಓದಿ. ಮಿಡ್‌ಜರ್ನಿಯಲ್ಲಿ ವರ್ಷಕ್ಕೆ 10 ಲಕ್ಷ ಡಾಲರ್‌ಗಿಂತ ಹೆಚ್ಚು ಆದಾಯದ ಕಂಪನಿಗೆ ಪ್ರೊ ಅಥವಾ ಮೆಗಾ ಚಂದಾ ಕಡ್ಡಾಯ. ನೀವು ಮಾಡಿಸಿದ ಚಿತ್ರಗಳು ಬೇರೆಯವರಿಗೆ ಕಾಣದಂತಿಡುವ ಸೌಲಭ್ಯವೂ ಆ ಎರಡರಲ್ಲೇ ಇರುವುದು. ಅಡೋಬಿಯ ಫೈರ್‌ಫ್ಲೈ ಮಾಡೆಲ್ಲುಗಳು ಪರವಾನಗಿ ಪಡೆದ ಮತ್ತು ಕೃತಿಸ್ವಾಮ್ಯ ಮುಗಿದ ಚಿತ್ರಗಳಿಂದ ಕಲಿತವು ಎಂದು ಕಂಪನಿ ಹೇಳುತ್ತದೆ, ಕೆಲವು ದೊಡ್ಡ ಚಂದಾಗಳಲ್ಲಿ ದಾವೆಯ ನಷ್ಟ ಭರಿಸುವ ಭರವಸೆಯೂ ಇದೆ. ಆದರೆ ಅಂಥ ಭರವಸೆಗಳು ಷರತ್ತುಬದ್ಧ. ಅದು ನಿಮ್ಮ ಚಂದಾಕ್ಕೆ, ನೀವು ಬಳಸುವ ಮಾಡೆಲ್‌ಗೆ ಅನ್ವಯಿಸುತ್ತದೆಯೇ ಎಂದು ಒಪ್ಪಂದದಲ್ಲೇ ನೋಡಬೇಕು.

ಎಐ ಚಿತ್ರವನ್ನು ಲೋಗೋ ಮಾಡಬೇಡಿ, ಪೆಟ್ಟಿಗೆಯ ಮುಖ್ಯ ವಿನ್ಯಾಸವಾಗಿಯೂ ಬಳಸಬೇಡಿ. ಕಂಪ್ಯೂಟರ್‌ನಿಂದ ಹುಟ್ಟಿದ ಕೃತಿಗೆ ಅದನ್ನು ಹುಟ್ಟಿಸಿದ ವ್ಯಕ್ತಿಯೇ ಕರ್ತೃ ಎಂದು ನಮ್ಮ ಕೃತಿಸ್ವಾಮ್ಯ ಕಾಯ್ದೆಯಲ್ಲಿದೆ. ಆದರೆ ಬರೀ ಪ್ರಾಂಪ್ಟು ಬರೆದವರು ಆ ಕರ್ತೃವೇ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಅಮೆರಿಕದಲ್ಲಿ 2025ರ ಮಾರ್ಚ್‌ನಲ್ಲಿ ಮೇಲ್ಮನವಿ ನ್ಯಾಯಾಲಯವೊಂದು ಮನುಷ್ಯ ಕರ್ತೃ ಇಲ್ಲದ ಚಿತ್ರಕ್ಕೆ ಕೃತಿಸ್ವಾಮ್ಯವಿಲ್ಲ ಎಂದಿತು. ನಾಳೆ ಯಾರಾದರೂ ನಿಮ್ಮ ಹಿನ್ನೆಲೆಯ ಜಗಲಿಯನ್ನು ಎತ್ತಿಕೊಂಡರೆ ನಷ್ಟ ಸಣ್ಣದು. ಲೋಗೋವನ್ನೇ ಎತ್ತಿಕೊಂಡು, ಅದು ನಿಮ್ಮದೆಂದು ಸಾಧಿಸಲಾಗದಿದ್ದರೆ ನಷ್ಟ ದೊಡ್ಡದು.

ಪ್ರಕಟಿಸುವ ಮುನ್ನ ಚಿತ್ರವನ್ನು 200 ಪ್ರತಿಶತಕ್ಕೆ ಹಿಗ್ಗಿಸಿ ಮೂಲೆಯಿಂದ ಮೂಲೆಗೆ ನೋಡಿ. ಅಳಿಸಿದ ಸಹಿಯಂತೆ ಕಾಣುವ ಗೀಚು, ಫೋಟೋ ಮಾರುವ ಕಂಪನಿಯ ವಾಟರ್‌ಮಾರ್ಕಿನ ಛಾಯೆ, ಗೋಡೆಯ ಪಟದಲ್ಲಿ ಪರಿಚಿತ ಮುಖ, ಇವು ಸಿಕ್ಕರೆ ಆ ಚಿತ್ರವನ್ನೇ ಬಿಡಿ, ಅಳಿಸಿ ಬಳಸಬೇಡಿ. ಆಮೇಲೆ ಗೂಗಲ್ ಲೆನ್ಸ್ ಮತ್ತು ಟಿನ್‌ಐಯಲ್ಲಿ ಹಾಕಿ ಹೋಲುವ ಚಿತ್ರವಿದೆಯೇ ನೋಡಿ. ಏನೂ ಸಿಗದಿದ್ದ ಮಾತ್ರಕ್ಕೆ ಹೋಲಿಕೆ ಇಲ್ಲವೆಂದಲ್ಲ, ಆದರೆ ಎದ್ದು ಕಾಣುವ ನಕಲುಗಳು ಇಲ್ಲಿ ಸಿಕ್ಕಿಬೀಳುತ್ತವೆ.

2026ರ ಫೆಬ್ರವರಿ 20ರಿಂದ ಜಾರಿಗೆ ಬಂದ ಐಟಿ ನಿಯಮಗಳ ತಿದ್ದುಪಡಿಯಂತೆ ದೊಡ್ಡ ಸೋಷಿಯಲ್ ಮೀಡಿಯಾಗಳು, ಹಾಕುವ ಚಿತ್ರ ಕೃತಕವಾಗಿ ಸೃಷ್ಟಿಯಾದದ್ದೇ ಎಂದು ಹಾಕುವವರನ್ನು ಕೇಳಬೇಕು. ಬಣ್ಣ ತಿದ್ದುವುದು, ಕ್ರಾಪ್ ಮಾಡುವುದು ಅದರ ವ್ಯಾಪ್ತಿಗೆ ಬರುವುದಿಲ್ಲ. ಹಿನ್ನೆಲೆ ಪೂರ್ತಿ ಎಐನದಾಗಿದ್ದರೆ ಹೌದು ಎಂದೇ ಗುರುತು ಹಾಕಿ, ವಿವರಣೆಯಲ್ಲಿ ‘ಸೀರೆ ನಿಜವಾದ ಫೋಟೋ, ಹಿನ್ನೆಲೆ ಎಐ’ ಎಂದು ಬರೆಯಿರಿ. ಕೊಳ್ಳುವವರಿಗೆ ಬೇಕಾದ ಮಾಹಿತಿಯೂ ಅದೇ.

ಪ್ರತಿ ಅಂತಿಮ ಚಿತ್ರದ ಜೊತೆ ಮೂಲ ಫೋಟೋ, ಎಐ ಕೊಟ್ಟ ಮೂಲ ಫೈಲು, ಪ್ರಾಂಪ್ಟು, ಟೂಲ್ ಮತ್ತು ಆವೃತ್ತಿ, ದಿನಾಂಕ, ಮಾದರಿ ಚಿತ್ರಗಳು, ಒಪ್ಪಿಗೆ ಪತ್ರ, ಲೇಯರ್ ಇರುವ ಫೈಲು ಒಂದೇ ಫೋಲ್ಡರಿನಲ್ಲಿರಲಿ. ಇವನ್ನು ವಾಟ್ಸ್‌ಆ್ಯಪ್‌ನಲ್ಲಿ ಚಿತ್ರವಾಗಿ ಕಳಿಸಬೇಡಿ. ಅದು ಚಿತ್ರವನ್ನು ಕುಗ್ಗಿಸುತ್ತದೆ, ಫೈಲಿನೊಳಗೆ ಅಡಗಿರುವ ಮೂಲದ ಮಾಹಿತಿಯೂ ಹೋಗುತ್ತದೆ. ನೋಟಿಸು ಬಂದೇ ಬಂದರೆ ಮೊದಲು ಚಿತ್ರವನ್ನು ಎಲ್ಲ ಕಡೆಯಿಂದ ಇಳಿಸಿ, ಫೋಲ್ಡರಿನ ಯಾವ ಫೈಲನ್ನೂ ಅಳಿಸದೆ ಹಾಗೇ ವಕೀಲರ ಕೈಗೆ ಕೊಡಿ. ಅವರು ನೋಡುವ ಮೊದಲು ಎದುರಿನವರಿಗೆ ಮೆಸೇಜಿನಲ್ಲಿ ವಿವರಣೆ ಕೊಡಲು ಹೋಗಬೇಡಿ.